ಉಳಿದ ಹಣಕ್ಕೆ ಉಳಿದ ಕೆಲಸ ಮುಗಿಯುವುದೇ?

ಉಳಿದ ಕೆಲಸದ ಮೌಲ್ಯವನ್ನು ಉಳಿದ ಹಣದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಟಿಸಿಪಿಐ. ಮೂಲ ಅಂದಾಜಿನಲ್ಲೇ ಕೆಲಸ ಮುಗಿಯಬೇಕಾದರೆ ಇನ್ನು ಮುಂದೆ ಪ್ರತಿ ರೂಪಾಯಿಯಿಂದ ಎಷ್ಟು ಕೆಲಸ ಆಗಬೇಕು ಎಂಬುದನ್ನು ಅದು ಹೇಳುತ್ತದೆ.

ಶಿಕಾರಿಪುರದ ಉಡುಗಣಿ–ತಾಳಗುಂದ–ಹೊಸೂರು, ಸೊರಬದ ಮೂಡಿ ಏತ ನೀರಾವರಿಗಳಂಥ ಕೆರೆ ತುಂಬಿಸುವ ಯೋಜನೆಗಳಲ್ಲಿ ಜಾಕ್‌ವೆಲ್, ಪಂಪ್‌ಹೌಸ್, ಪೈಪ್‌ಲೈನ್ ಇರುತ್ತವೆ. ಅಂಥದೊಂದು ಕಾಮಗಾರಿಗೆ, ಲೆಕ್ಕದ ಮಟ್ಟಿಗೆ, 10 ಕೋಟಿ ಅಂದಾಜು ಎಂದಿಟ್ಟುಕೊಂಡರೆ: ಖರ್ಚಾದದ್ದು 5 ಕೋಟಿ, ಮುಗಿದ ಕೆಲಸದ ಮೌಲ್ಯ 4 ಕೋಟಿ. ಅಂದರೆ ಈವರೆಗೆ ಒಂದು ರೂಪಾಯಿಗೆ 80 ಪೈಸೆಯ ಕೆಲಸ. ಉಳಿದದ್ದು 6 ಕೋಟಿಯ ಕೆಲಸ, ಕೈಯಲ್ಲಿರುವುದು 5 ಕೋಟಿ. ಟಿಸಿಪಿಐ 1.2.

80 ಪೈಸೆಯಿಂದ 1 ರೂಪಾಯಿ 20 ಪೈಸೆಗೆ ಏರುವುದೆಂದರೆ ದಕ್ಷತೆ ಒಂದೂವರೆ ಪಟ್ಟಾಗಬೇಕು. ಅದೇ ಗುತ್ತಿಗೆ, ಅದೇ ದರದಲ್ಲಿ ಇದು ಆಗದ ಮಾತು.

ಆದರೆ ಹೆಚ್ಚು ಖರ್ಚಿನ ಕಾರಣ ನೋಡಲೇಬೇಕು. ಜಾಕ್‌ವೆಲ್ ತೋಡುವಾಗ ಬಂಡೆ ಸಿಕ್ಕಿದ್ದರೆ ಆ ಹೊರೆ ಅಲ್ಲಿಗೇ ಮುಗಿಯಿತು; ಉಳಿದ ಕೆಲಸ ಅಂದಾಜು ದರದಲ್ಲೇ ನಡೆದರೆ ಒಟ್ಟು 11 ಕೋಟಿ. ಪೈಪಿನ ದರವೇ ಏರಿದ್ದು ಈಗಿನ ದಕ್ಷತೆಯೇ ಮುಂದುವರಿದರೆ 12.5 ಕೋಟಿ. ಎರಡರಲ್ಲೂ 10 ಕೋಟಿ ಸಾಲುವುದಿಲ್ಲ. ಪರಿಷ್ಕೃತ ಅಂದಾಜು ಬೇಕು, ಇಲ್ಲವೇ ಕೆಲಸದ ವ್ಯಾಪ್ತಿ ಕಡಿಮೆಯಾಗಬೇಕು.

ಒಂದು ಎಚ್ಚರಿಕೆ: ರಸ್ತೆ ಬದಿಯಲ್ಲಿ ಇಳಿಸಿಟ್ಟ ಪೈಪನ್ನು, ಹೂತು ಒತ್ತಡ ಪರೀಕ್ಷೆ ಮಾಡಿದ ಪೈಪಿನಂತೆ ಲೆಕ್ಕ ಹಿಡಿದರೆ ಮುಗಿದ ಕೆಲಸ ಉಬ್ಬುತ್ತದೆ, ಟಿಸಿಪಿಐ ಸುಳ್ಳಾಗಿ ಇಳಿಯುತ್ತದೆ. ಅಳತೆ ಪುಸ್ತಕವನ್ನು ಸ್ಥಳದಲ್ಲೇ ತಾಳೆ ನೋಡಿದರೆ ಇದು ಗೊತ್ತಾಗುತ್ತದೆ.