ಪತ್ತಿನ ಸಂಘದ ಠೇವಣಿ, ಬ್ಯಾಂಕಿನ ಠೇವಣಿ

ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ, ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಇಲ್ಲ. ಸಣ್ಣ ಊರಿನ ಪೇಟೆಯಲ್ಲಿ ಎರಡರ ಕಚೇರಿಗಳೂ ಅಕ್ಕಪಕ್ಕದಲ್ಲಿರುತ್ತವೆ, ಎರಡೂ ಪಾಸ್‌ಬುಕ್ ಕೊಡುತ್ತವೆ. ಆದ್ದರಿಂದ ಈ ವ್ಯತ್ಯಾಸ ಹಲವರ ಗಮನಕ್ಕೇ ಬರುವುದಿಲ್ಲ.

ವಾಣಿಜ್ಯ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಅದರ ತಪಾಸಣೆಗೆ ಒಳಪಟ್ಟಿರುತ್ತವೆ. ಠೇವಣಿಯ ಒಂದು ಪಾಲನ್ನು ನಗದಾಗಿಯೂ ಸರ್ಕಾರಿ ಸಾಲಪತ್ರಗಳಲ್ಲಿಯೂ ಕಡ್ಡಾಯವಾಗಿ ಇಡಬೇಕಾಗುತ್ತದೆ. ಪತ್ತಿನ ಸಂಘಗಳು ಕರ್ನಾಟಕದಲ್ಲಿ 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ಅವುಗಳ ಮೇಲೆ ರಿಸರ್ವ್ ಬ್ಯಾಂಕಿನ ಉಸ್ತುವಾರಿ ಇಲ್ಲ. ಸದಸ್ಯರಿಂದ ಮಾತ್ರ ಠೇವಣಿ ಪಡೆಯಬೇಕಾದ್ದರಿಂದ, ಠೇವಣಿ ಇಡಲು ಬಂದವರನ್ನು ಮೊದಲು ನಾಮಮಾತ್ರ ಸದಸ್ಯರನ್ನಾಗಿ ಮಾಡಿಕೊಳ್ಳುವ ರೂಢಿಯಿದೆ.

ಹೆಸರಿನಲ್ಲಿ 'ಸಹಕಾರ' ಎಂದಿರುವುದೆಲ್ಲ ಒಂದೇ ಅಲ್ಲ. ಪಟ್ಟಣ ಸಹಕಾರ ಬ್ಯಾಂಕು ಮತ್ತು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೆ ವಿಮೆ ಅನ್ವಯಿಸುತ್ತದೆ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯಲಾಗಲಿಲ್ಲ. 2021ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಐದು ಲಕ್ಷದವರೆಗಿನ ವಿಮೆ ಹಣ ಅವರ ಕೈಸೇರಿತು. ಈಗ ನಿರ್ಬಂಧ ಬಿದ್ದ 90 ದಿನಗಳೊಳಗೆ ಈ ಹಣ ಕೊಡಬೇಕೆಂಬ ನಿಯಮವಿದೆ. ಪತ್ತಿನ ಸಂಘ ಕುಸಿದರೆ ಇಂಥ ಗಡುವು ಇಲ್ಲ. ಸಮಾಪಕರು ಸಾಲ ವಸೂಲಿ ಮಾಡಿ, ಬಂದಷ್ಟನ್ನು ಹಂಚುತ್ತಾರೆ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಡಿಕೆ ಬೆಳೆಯುವ ಊರಿನ ಸಂಘವೊಂದರ ಸಾಲಗಾರರೆಲ್ಲ ಅದನ್ನೇ ನಂಬಿದವರಾದರೆ, ಬೆಲೆ ಬಿದ್ದ ವರ್ಷ ಕಂತು ಕಟ್ಟದವರ ಸಂಖ್ಯೆ ಒಟ್ಟಿಗೇ ಏರುತ್ತದೆ.

ನಿವೃತ್ತರೊಬ್ಬರ ಬಳಿ ಎಂಟು ಲಕ್ಷ ರೂಪಾಯಿ ಇದೆಯೆಂದುಕೊಳ್ಳೋಣ. ಬ್ಯಾಂಕು ಶೇ. 7, ಸಂಘ ಶೇ. 9.5 ಬಡ್ಡಿ ಕೊಟ್ಟರೆ ಸಂಘದಲ್ಲಿ ವರ್ಷಕ್ಕೆ 20,000 ರೂಪಾಯಿ ಹೆಚ್ಚು ಸಿಗುತ್ತದೆ. ಅಷ್ಟಕ್ಕಾಗಿ ಇಡೀ ಎಂಟು ಲಕ್ಷವೂ ಖಾತರಿಯಿಲ್ಲದೆ ಉಳಿಯುತ್ತದೆ. ಒಂದೇ ಬ್ಯಾಂಕಿನಲ್ಲಿಟ್ಟರೆ ಅಸಲು, ಬಡ್ಡಿ ಸೇರಿ ಐದು ಲಕ್ಷಕ್ಕೆ ಮಾತ್ರ ವಿಮೆ. ಶಾಖೆ ಬೇರೆಯಾದರೂ ಲೆಕ್ಕ ಒಂದೇ. ಎರಡು ಬೇರೆ ಬ್ಯಾಂಕುಗಳಲ್ಲಿ ನಾಲ್ಕು ನಾಲ್ಕು ಲಕ್ಷ ಇಟ್ಟರೆ ಎಂಟು ಲಕ್ಷವೂ ವಿಮೆಯೊಳಗೇ ಬರುತ್ತದೆ.

ಹಾಗೆಂದು ಸಂಘಗಳನ್ನೆಲ್ಲ ಶಂಕಿಸುವುದು ನ್ಯಾಯವಲ್ಲ. ಬ್ಯಾಂಕು ಸಾಲ ಕೊಡದ ಸಣ್ಣ ಅಂಗಡಿಯವರಿಗೆ ಆಸರೆಯಾದ ಒಳ್ಳೆಯ ಸಂಘಗಳು ಎಷ್ಟೋ ಇವೆ. ಅವುಗಳ ವಾರ್ಷಿಕ ವರದಿಯಲ್ಲಿ ಸುಸ್ತಿ ಸಾಲದ ಪ್ರಮಾಣ, ನಿರ್ದೇಶಕರು ಮತ್ತವರ ಸಂಬಂಧಿಕರಿಗೆ ಕೊಟ್ಟ ಸಾಲ, ಲೆಕ್ಕಪರಿಶೋಧಕರ ಆಕ್ಷೇಪಗಳನ್ನು ಓದಬೇಕು. ಲೆಕ್ಕಪರಿಶೋಧನೆ ತಡವಾಗುತ್ತಿದ್ದರೆ, ಅವಧಿ ಮುಗಿದ ಠೇವಣಿಯನ್ನು ಹಿಂತಿರುಗಿಸದೆ ನವೀಕರಿಸುವಂತೆ ಒತ್ತಾಯಿಸುತ್ತಿದ್ದರೆ ಅದು ಅಪಾಯದ ಸೂಚನೆ. ಮಗಳ ಮದುವೆಗೆಂದೋ ಚಿಕಿತ್ಸೆಗೆಂದೋ ಕೂಡಿಟ್ಟ ಹಣವನ್ನು ವಿಮೆಯಿರುವ ಬ್ಯಾಂಕಿನಲ್ಲೇ ಇಡಿ. ಕಳೆದುಕೊಂಡರೂ ಬದುಕು ನಡೆಯುವಷ್ಟನ್ನು ಮಾತ್ರ ಸಂಘಕ್ಕೆ ಕೊಡಿ.