ಕರಾರಿನಲ್ಲಿ ಬರೆದ ದಂಡ ಪೂರ್ತಿ ಕೊಡಲೇಬೇಕೇ?

ನಿವೇಶನ ಕೊಳ್ಳುವ ಕರಾರುಪತ್ರವನ್ನು ಓದಿದರೆ ಕೊನೆಯ ಹೊತ್ತಿಗೆ ಒಂದು ಷರತ್ತು ಸಿಕ್ಕೇ ಸಿಗುತ್ತದೆ: ಗೊತ್ತುಪಡಿಸಿದ ದಿನದೊಳಗೆ ಬಾಕಿ ಹಣ ಕಟ್ಟಿ ನೋಂದಣಿ ಮಾಡಿಸಿಕೊಳ್ಳದಿದ್ದರೆ ಕೊಟ್ಟ ಮುಂಗಡವೆಲ್ಲ ಮುಟ್ಟುಗೋಲು. ಗುತ್ತಿಗೆ ಕಾಮಗಾರಿಯ ಕರಾರಿನಲ್ಲಾದರೆ, ತಡವಾದ ಪ್ರತಿ ವಾರಕ್ಕೆ ಬಿಲ್ಲಿನಲ್ಲಿ ಇಷ್ಟು ಕಡಿತ. ಎರಡೂ ಕಡೆಯವರು ಓದಿ ಸಹಿ ಮಾಡಿದ ಮೇಲೆ ಆ ಮೊತ್ತವನ್ನು ತೆರಲೇಬೇಕು ಎಂದು ಹೆಚ್ಚಿನವರು ನಂಬಿರುತ್ತಾರೆ. ನ್ಯಾಯಾಲಯ ಅಷ್ಟಕ್ಕೇ ಒಪ್ಪುವುದಿಲ್ಲ.

ಇಂಥ ಮೊತ್ತದಲ್ಲಿ ಎರಡು ಬಗೆ. ಮಾತು ತಪ್ಪಿದರೆ ಎದುರಿನವನಿಗೆ ಎಷ್ಟು ನಷ್ಟವಾಗಬಹುದೆಂದು ಇಬ್ಬರೂ ಮೊದಲೇ ಪ್ರಾಮಾಣಿಕವಾಗಿ ಅಂದಾಜಿಸಿ ಬರೆದದ್ದು ಒಂದು; ಇದು ಪೂರ್ವನಿಗದಿತ ಪರಿಹಾರ. ನಷ್ಟಕ್ಕೂ ತನಗೂ ಸಂಬಂಧವಿಲ್ಲದೆ, ಮಾತು ತಪ್ಪದಂತೆ ಹೆದರಿಸಲೆಂದೇ ಬರೆದ ದೊಡ್ಡ ಮೊತ್ತ ಇನ್ನೊಂದು, ಇದು ದಂಡ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಮೊದಲನೆಯದಾದರೆ ಪೂರ್ತಿ ಮೊತ್ತ ಸಿಗುತ್ತಿತ್ತು. ಎರಡನೆಯದಾದರೆ ಷರತ್ತೇ ಬಿದ್ದುಹೋಗಿ, ನಿಜವಾದ ನಷ್ಟವನ್ನು ಸಾಬೀತು ಮಾಡಿ ಪಡೆಯಬೇಕಿತ್ತು. ಹೀಗಾಗಿ ಷರತ್ತು ಯಾವ ಬಗೆಯದು ಎಂಬುದರ ಮೇಲೇ ವ್ಯಾಜ್ಯಗಳು ಬೆಳೆದವು.

ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಮು ಈ ಜಗಳವನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಹೆಸರು ಏನೇ ಇರಲಿ, ಕರಾರು ಮುರಿದಾಗ ನೊಂದವನಿಗೆ ಸಿಗುವುದು ನ್ಯಾಯಸಮ್ಮತ ಪರಿಹಾರ ಮಾತ್ರ, ಅದೂ ಬರೆದ ಮೊತ್ತವನ್ನು ಮೀರುವಂತಿಲ್ಲ. ಅಂದರೆ ಕರಾರಿನಲ್ಲಿರುವ ಅಂಕಿ ಪರಿಹಾರದ ಗರಿಷ್ಠ ಮಿತಿಯಷ್ಟೇ. ಆ ಮಿತಿಯೊಳಗೆ ಎಷ್ಟು ಕೊಡಿಸಬೇಕೆಂದು ನ್ಯಾಯಾಲಯ ನಿರ್ಧರಿಸುತ್ತದೆ.

ಅದನ್ನು ಹೇಗೆ ನಿರ್ಧರಿಸುತ್ತಾರೆ ಎಂಬುದಕ್ಕೆ ವಕೀಲರು ಇಂದಿಗೂ ಮೊದಲು ಎತ್ತಿಕೊಳ್ಳುವುದು ಫತೇಚಂದ್ ಪ್ರಕರಣವನ್ನು. 1949ರ ಮಾರ್ಚ್‌ನಲ್ಲಿ ದೆಹಲಿಯ ಒಂದು ಬಂಗಲೆಯನ್ನು 1,12,500 ರೂಪಾಯಿಗೆ ಮಾರುವ ಕರಾರಾಯಿತು. ಕೊಳ್ಳುವವರು ಖಾತ್ರಿಯ ಹಣವೆಂದು 1,000 ರೂಪಾಯಿ ಕೊಟ್ಟರು. ಆಮೇಲೆ ಬೆಲೆಯ ಬಾಬ್ತು ಇನ್ನೂ 24,000 ಕೊಟ್ಟು ಬಂಗಲೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡರು. ಜೂನ್ 1ರೊಳಗೆ ಕ್ರಯಪತ್ರ ನೋಂದಣಿಯಾಗದಿದ್ದರೆ ಈ 25,000ವೂ ಮುಟ್ಟುಗೋಲು ಎಂದು ಕರಾರಿನಲ್ಲಿತ್ತು. ನೋಂದಣಿ ಆಗಲಿಲ್ಲ, ಮಾರುವವರು ಕೋರ್ಟಿಗೆ ಹೋದರು. ಒಟ್ಟು ಬೆಲೆಯ ಹತ್ತನೇ ಒಂದು ಭಾಗ, ಎಂದರೆ 11,250 ರೂಪಾಯಿಯನ್ನು ಅವರು ಇಟ್ಟುಕೊಳ್ಳಬಹುದೆಂದು ಹೈಕೋರ್ಟ್ ಹೇಳಿತು.

1963ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ಪೀಠ ಹಣವನ್ನು ಎರಡು ಪಾಲು ಮಾಡಿ ನೋಡಿತು. 1,000 ರೂಪಾಯಿ ಖಾತ್ರಿಯ ಹಣ; ವ್ಯವಹಾರಕ್ಕೆ ಬದ್ಧನಾಗಿದ್ದೇನೆಂದು ತೋರಿಸಲು ಕೊಟ್ಟದ್ದು, ಹಿಂದೆ ಸರಿದರೆ ಹೋಗುವಂಥದ್ದು. ಆದರೆ 24,000 ಬೆಲೆಯ ಒಂದು ಭಾಗ. ಅದನ್ನು ನುಂಗಿಹಾಕುವ ಷರತ್ತು ದಂಡದ ಸ್ವರೂಪದ್ದು. ಅದನ್ನು ಇಟ್ಟುಕೊಳ್ಳಬೇಕಾದರೆ ನಷ್ಟವಾಗಿರಬೇಕು. ಬಂಗಲೆಯ ಬೆಲೆ ಕುಸಿದಿದೆ ಎಂಬುದಕ್ಕೆ ಮಾರುವವರ ಬಳಿ ಪುರಾವೆ ಇರಲಿಲ್ಲ. ಕೊನೆಗೆ ಅವರಿಗೆ ದಕ್ಕಿದ್ದು 1,000 ರೂಪಾಯಿ ಮತ್ತು ಬಂಗಲೆ ಕೊಳ್ಳುವವರ ಸ್ವಾಧೀನದಲ್ಲಿದ್ದ ಕಾಲಕ್ಕೆ ಅದರ ಉಪಯೋಗದ ಪರಿಹಾರ.

ಇಲ್ಲೊಂದು ಗೊಂದಲವಿದೆ. ನಿಜವಾದ ನಷ್ಟವನ್ನು ಸಾಬೀತು ಮಾಡಲಿ ಬಿಡಲಿ ಪರಿಹಾರ ಕೊಡಬಹುದು ಎಂದು 74ನೇ ಕಲಮೇ ಹೇಳುತ್ತದೆ. ಹಾಗಾದರೆ ನಷ್ಟವೇ ಆಗದಿದ್ದರೂ ಹಣ ಸಿಗುತ್ತದೆಯೇ? ಇದಕ್ಕೆ ಉತ್ತರ 2015ರಲ್ಲಿ ತೀರ್ಪಾದ ಕೈಲಾಶನಾಥ್ ಪ್ರಕರಣದಲ್ಲಿದೆ. 1982ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಭಿಕಾಜಿ ಕಾಮಾ ಪ್ಲೇಸ್‌ನ ಒಂದು ನಿವೇಶನವನ್ನು ಹರಾಜು ಹಾಕಿತು. ಕೂಗಿದವರು 3.12 ಕೋಟಿಗೆ ಹಿಡಿದು, ಅದರ ಕಾಲು ಭಾಗವಾದ 78 ಲಕ್ಷವನ್ನು ಕಟ್ಟಿದರು. ಬಾಕಿ ಕಟ್ಟುವ ಗಡುವು ಹಲವು ಸಲ ಮುಂದಕ್ಕೆ ಹೋಗಿ, 1993ರಲ್ಲಿ ಪ್ರಾಧಿಕಾರ ಹಂಚಿಕೆಯನ್ನು ರದ್ದು ಮಾಡಿ 78 ಲಕ್ಷವನ್ನು ಮುಟ್ಟುಗೋಲು ಹಾಕಿಕೊಂಡಿತು. ಮರುವರ್ಷ ಅದೇ ನಿವೇಶನ ಮರುಹರಾಜಿನಲ್ಲಿ 11.78 ಕೋಟಿಗೆ ಹೋಯಿತು. ಕರಾರು ಮುರಿದದ್ದು ಕೊಳ್ಳುವವರೇ ಅಲ್ಲ ಎಂದು ಸುಪ್ರೀಂ ಕೋರ್ಟ್ ಮೊದಲು ಹೇಳಿತು. ಒಂದು ವೇಳೆ ಮುರಿದಿದ್ದರೂ, ಮೂರೂವರೆ ಪಟ್ಟಿಗೂ ಹೆಚ್ಚು ಬೆಲೆಗೆ ಮಾರಿಕೊಂಡವರಿಗೆ ನಷ್ಟ ಎಲ್ಲಿ ಆಯಿತು ಎಂಬುದು ಮುಂದಿನ ಪ್ರಶ್ನೆ. 78 ಲಕ್ಷ ಬಡ್ಡಿಸಮೇತ ಹಿಂತಿರುಗಬೇಕಾಯಿತು. ಕಲಮು ಕೊಟ್ಟಿರುವ ರಿಯಾಯಿತಿ ನಷ್ಟದ ಲೆಕ್ಕವನ್ನು ಸಾಬೀತು ಮಾಡುವುದಕ್ಕೆ ಸಂಬಂಧಿಸಿದ್ದು. ನಷ್ಟ ಮಾತ್ರ ಆಗಿರಲೇಬೇಕು.

ಆ ರಿಯಾಯಿತಿಯೂ ಎಲ್ಲ ಕಡೆ ಇಲ್ಲ. ಮಾರುಕಟ್ಟೆಯ ದರ ನೋಡಿ ನಷ್ಟವನ್ನು ಲೆಕ್ಕ ಹಾಕುವಂತಿದ್ದರೆ ಲೆಕ್ಕ ಕೊಡಲೇಬೇಕು. ಲೆಕ್ಕ ಹಾಕುವುದೇ ಕಷ್ಟವಾದಲ್ಲಿ ಮಾತ್ರ ಕರಾರಿನ ಅಂಕಿಗೆ ಬಲ ಬರುತ್ತದೆ. ಒಎನ್‌ಜಿಸಿ ಮತ್ತು ಸಾ ಪೈಪ್ಸ್ ನಡುವಿನ ವ್ಯಾಜ್ಯ ಇದಕ್ಕೆ ಉದಾಹರಣೆ. ತೈಲಬಾವಿಗೆ ಬೇಕಾದ ಉಕ್ಕಿನ ಕೊಳವೆಗಳು ಯುರೋಪಿನ ಕಾರ್ಮಿಕರ ಮುಷ್ಕರದಿಂದಾಗಿ ತಡವಾಗಿ ಬಂದವು. ವಾರಕ್ಕೆ ಶೇಕಡ 1ರಂತೆ, ಗರಿಷ್ಠ ಶೇಕಡ 10ರ ಮಿತಿಯಲ್ಲಿ ಕಡಿತ ಎಂಬ ಷರತ್ತಿನಂತೆ ಒಎನ್‌ಜಿಸಿ ಹಣ ಹಿಡಿದುಕೊಂಡಿತು. ಕೊಳವೆ ಬಾರದೆ ತೈಲದ ಕೆಲಸ ನಿಂತರೆ ಎಷ್ಟು ನಷ್ಟವೆಂದು ರೂಪಾಯಿಯಲ್ಲಿ ತೋರಿಸುವುದು ಕಷ್ಟ. ಅಂಥಲ್ಲಿ ಮೊದಲೇ ಒಪ್ಪಿಕೊಂಡ ಅಂದಾಜು ನ್ಯಾಯವಾಗಿದ್ದರೆ ಅದೇ ನಿಲ್ಲುತ್ತದೆ, ನಷ್ಟವಾಗಿಲ್ಲವೆಂದು ತೋರಿಸುವ ಹೊಣೆ ತಡ ಮಾಡಿದವರದು ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಾರಗಳು ಹೆಚ್ಚಿದಂತೆ ಹೆಚ್ಚುವ, ಮೇಲೊಂದು ಮಿತಿಯಿರುವ ಕಡಿತ ನಷ್ಟದ ಅಂದಾಜಿನಂತೆ ಕಾಣುತ್ತದೆ. ಒಂದು ದಿನದ ತಡಕ್ಕೂ ಒಂದು ವರ್ಷದ ತಡಕ್ಕೂ ಒಂದೇ ಮೊತ್ತ ಬರೆದಿದ್ದರೆ ಅದರ ಮೇಲೆ ಅನುಮಾನ ಬರುತ್ತದೆ.

ಕೊಟ್ಟ ಮುಂಗಡ ಹೇಗೂ ವಾಪಸ್ ಬರುತ್ತದೆ ಎಂದು ಕೊಳ್ಳುವವರು ಮೈಮರೆಯುವಂತಿಲ್ಲ. ಬೆಂಗಳೂರಿನ ಒಂದು ಆಸ್ತಿಯನ್ನು 55.50 ಲಕ್ಷಕ್ಕೆ ಮಾರುವ 2007ರ ಕರಾರಿನಲ್ಲಿ 20 ಲಕ್ಷ ಮುಂಗಡ ಕೊಡಲಾಗಿತ್ತು. ಕೊಳ್ಳುವವರು ನಾಲ್ಕು ತಿಂಗಳ ಗಡುವಿನೊಳಗೆ ಬಾಕಿ ಕಟ್ಟಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಆ 20 ಲಕ್ಷವನ್ನು ಖಾತ್ರಿಯ ಹಣವೆಂದೇ ಪರಿಗಣಿಸಿ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಅಷ್ಟೇ ಅಲ್ಲ, ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹೂಡಿದವರು, ಅದು ಆಗದಿದ್ದರೆ ಮುಂಗಡವನ್ನಾದರೂ ಕೊಡಿಸಿ ಎಂದು ದಾವೆಯಲ್ಲಿ ಕೇಳಿರಲಿಲ್ಲ. ಕೇಳದ್ದನ್ನು ಕೊಡಿಸಲಾಗದು ಎಂದಿತು ನ್ಯಾಯಾಲಯ.

ಆದ್ದರಿಂದ ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ, ಕೊಡುತ್ತಿರುವ ಹಣದಲ್ಲಿ ಖಾತ್ರಿಯದೆಷ್ಟು, ಬೆಲೆಯ ಭಾಗವೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮಾರುವವರು ಅಥವಾ ಕೆಲಸ ಕೊಡುವವರಾದರೆ, ಬರೆದ ಮೊತ್ತವನ್ನು ಯಾವ ಲೆಕ್ಕದಲ್ಲಿ ಹಾಕಿದಿರಿ ಎಂಬುದನ್ನು ಅದೇ ಷರತ್ತಿನಲ್ಲಿ ಒಂದು ಸಾಲು ಸೇರಿಸಿ, ನಷ್ಟದ ರಸೀದಿಗಳನ್ನು ಜೋಪಾನ ಮಾಡಿ. ದಾವೆ ಹೂಡುವ ಹಂತಕ್ಕೆ ಬಂದ ಕೊಳ್ಳುವವರಾದರೆ, ಮುಂಗಡ ವಾಪಸಿನ ಕೋರಿಕೆಯೂ ದಾವೆಯಲ್ಲಿದೆಯೇ ಎಂದು ವಕೀಲರನ್ನು ಕೇಳಿ ಖಚಿತಪಡಿಸಿಕೊಳ್ಳಿ.