ಪಾಠದಿಂದ ಪಟ್ಟಿಗೆ: ಇಂಗ್ಲಿಷಿನ ಧ್ವನಿ, ಕನ್ನಡದ ನೆರೆ

ಧ್ವನಿಪಟ್ಟಿ ಎಂದರೆ ಒಂದು ಭಾಷೆಯ ಧ್ವನಿಗಳನ್ನು ಅವು ಬಾಯಲ್ಲಿ ಹುಟ್ಟುವ ಜಾಗ ಮತ್ತು ಹುಟ್ಟುವ ರೀತಿಯ ಪ್ರಕಾರ ಸಾಲು, ಕಂಬಗಳಲ್ಲಿ ಕೂರಿಸಿದ ನಕ್ಷೆ. ಕನ್ನಡ ಕಲಿತ ಯಾರಿಗೂ ಇದು ಹೊಸದಲ್ಲ. ಒಂದನೇ ತರಗತಿಯಲ್ಲಿ ಬಾಯಿಪಾಠವಾಗುವ ಕಖಗಘಙ ಅಂಥದೇ ಒಂದು ಪಟ್ಟಿ. ಅದರ ಐದು ಸಾಲುಗಳು ಗಂಟಲಿನ ಕಡೆಯಿಂದ ಹೊರಟು ಒಂದೊಂದೇ ಹೆಜ್ಜೆ ಮುಂದೆ ಬಂದು ತುಟಿಯಲ್ಲಿ ಮುಗಿಯುತ್ತವೆ. ಪ್ರತಿ ಸಾಲಿನೊಳಗೆ ಅಘೋಷ ಅಲ್ಪಪ್ರಾಣ, ಅಘೋಷ ಮಹಾಪ್ರಾಣ, ಘೋಷ ಅಲ್ಪಪ್ರಾಣ, ಘೋಷ ಮಹಾಪ್ರಾಣ, ಅನುನಾಸಿಕ ಎಂಬ ಕ್ರಮ ತಪ್ಪುವುದಿಲ್ಲ. 1886ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ ಪಟ್ಟಿಯಲ್ಲಿ ದಿಕ್ಕು ಮಾತ್ರ ತಿರುಗುಮುರುಗು: ತುಟಿ ಎಡತುದಿಗೆ, ಗಂಟಲು ಬಲತುದಿಗೆ.

ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ವ್ಯಂಜನಗಳ ಮೇಲೆ ಒಂದು ಗಂಟೆಯ ಪಾಠ ನಡೆಯಿತು ಎಂದುಕೊಂಡರೆ, ಟಿಪ್ಪಣಿ ಪುಸ್ತಕದಲ್ಲಿ ಉಳಿಯುವುದು ನಕ್ಷೆಯಲ್ಲ, ಕಥೆ. ಉಪನ್ಯಾಸಕರು ಒಂದು ಧ್ವನಿಯ ಬಗ್ಗೆ ಹೇಳುತ್ತ ಇನ್ನೊಂದಕ್ಕೆ ಜಿಗಿದಿರುತ್ತಾರೆ, ನಡುವೆ ಕಾಗುಣಿತದ ವಿಚಿತ್ರಗಳನ್ನು ಹೇಳಿ ನಗಿಸಿರುತ್ತಾರೆ, ಹತ್ತು ನಿಮಿಷದ ನಂತರ ಮೊದಲ ಧ್ವನಿಗೆ ಮರಳಿ ಒಂದು ಮುಖ್ಯ ಮಾತು ಸೇರಿಸಿರುತ್ತಾರೆ. ಪಟ್ಟಿ ಮಾಡಲು ಕೂತವರು ಆ ಟಿಪ್ಪಣಿಯಿಂದ ಪ್ರತಿ ಧ್ವನಿಗೂ ಮೂರು ಉತ್ತರಗಳನ್ನು ಹೆಕ್ಕಬೇಕು. ಗಂಟಲಿನ ತಂತು ಕಂಪಿಸುತ್ತದೆಯೇ? ಬಾಯಲ್ಲಿ ಯಾವ ಅಂಗ ಯಾವುದರ ಬಳಿ ಹೋಗುತ್ತದೆ? ಗಾಳಿ ಪೂರ್ತಿ ನಿಲ್ಲುತ್ತದೆಯೇ, ಉಜ್ಜಿಕೊಂಡು ಹೋಗುತ್ತದೆಯೇ, ಸರಾಗವಾಗಿ ಹರಿಯುತ್ತದೆಯೇ? ಮೂರರಲ್ಲಿ ಒಂದಕ್ಕೆ ಟಿಪ್ಪಣಿಯಲ್ಲಿ ಉತ್ತರ ಸಿಗದಿದ್ದರೆ ಆ ಮನೆಯನ್ನು ಖಾಲಿ ಬಿಟ್ಟು ಉಪನ್ಯಾಸಕರನ್ನೇ ಕೇಳುವುದು ಒಳ್ಳೆಯದು. ಊಹಿಸಿ ತುಂಬಿದ ಮನೆ ಆಮೇಲೆ ಗುರುತು ಸಿಗುವುದಿಲ್ಲ.

ಇಷ್ಟರ ಮಟ್ಟಿಗೆ ಕೆಲಸ ಸುಲಭ. ಕಷ್ಟ ಶುರುವಾಗುವುದು ‘ಕನ್ನಡದಲ್ಲಿ ಇದಕ್ಕೆ ಸಮಾನ’ ಎಂಬ ಕಂಬದಲ್ಲಿ. ಹೆಚ್ಚಿನ ವಿದ್ಯಾರ್ಥಿಗಳು ಅಲ್ಲಿ ಒಂದು ಅಕ್ಷರ ಬರೆದು ಮುಂದಕ್ಕೆ ಹೋಗುತ್ತಾರೆ. ಹಾಗೆ ಮಾಡಿದರೆ ಪಟ್ಟಿ ಇಂಗ್ಲಿಷಿನ ಧ್ವನಿಗಳನ್ನು ಹೇಳಿಕೊಡುವ ಬದಲು, ಓದುವವರ ಬಾಯಲ್ಲಿ ಮೊದಲೇ ಇದ್ದ ಧ್ವನಿಗಳನ್ನೇ ಮತ್ತೆ ಹೇಳಿಸುತ್ತದೆ. ಆದ್ದರಿಂದ ಆ ಕಂಬಕ್ಕೆ ‘ನೆರೆಯ ಧ್ವನಿ’ ಎಂದು ಹೆಸರಿಟ್ಟು, ಪಕ್ಕದಲ್ಲಿ ‘ಏನು ಬೇರೆ’ ಎಂಬ ಇನ್ನೊಂದು ಕಂಬ ಎಳೆಯಬೇಕು. ಮೂರು ಸಾಲುಗಳನ್ನು ತುಂಬಿ ನೋಡಿದರೆ ಈ ಕಂಬದ ಕೆಲಸ ತಿಳಿಯುತ್ತದೆ.

ಮೊದಲನೆಯದು p. ತುಟಿಗಳು ಮುಚ್ಚಿ ತೆರೆಯುತ್ತವೆ, ಕಂಪನವಿಲ್ಲ. ನೆರೆ ಧ್ವನಿ ‘ಪ’ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ‘ಪಿನ್’ ಎಂಬ ಪದವನ್ನು ಇಂಗ್ಲಿಷ್ ಮನೆಮಾತಿನವರು ಹೇಳುವಾಗ ಬಾಯಿಯ ಮುಂದೆ ತೆಳ್ಳನೆಯ ಕಾಗದದ ಚೂರು ಹಿಡಿದರೆ ಅದು ಅಲುಗುತ್ತದೆ. ‘ಸ್ಪಿನ್’ ಎಂದಾಗ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪದದ ಮೊದಲಲ್ಲಿ ಬರುವ p, t, k ಗಳ ಬೆನ್ನಿಗೆ ಉಸಿರಿನ ಒಂದು ಹೊಡೆತ ಇರುತ್ತದೆ. ಲಿಸ್ಕರ್ ಮತ್ತು ಅಬ್ರಾಮ್ಸನ್ ಎಂಬ ಧ್ವನಿವಿಜ್ಞಾನಿಗಳು 1964ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಅಮೆರಿಕನ್ ಇಂಗ್ಲಿಷಿನಲ್ಲಿ ಬಾಯಿ ತೆರೆದ ಮೇಲೆ ಕಂಪನ ಶುರುವಾಗಲು ಸುಮಾರು 60ರಿಂದ 80 ಮಿಲಿಸೆಕೆಂಡ್ ತಡವಾಗುತ್ತದೆ. ಆ ತಡವೇ ಕಿವಿಗೆ ಉಸಿರಾಗಿ ಕೇಳಿಸುವುದು.

ಕನ್ನಡದ ಕಿವಿಗೆ ಇದು ಮಹಾಪ್ರಾಣ. ಹಾಗಾದರೆ ನೆರೆ ಧ್ವನಿ ‘ಪ’ ಬಿಟ್ಟು ‘ಫ’ ಎಂದು ಬರೆಯಬೇಕೆ? ಬೇಡ. ಕನ್ನಡ ಬರಹದಲ್ಲಿ ‘ಕರ’ ಬೇರೆ, ‘ಖರ’ ಬೇರೆ. ಉಸಿರು ಸೇರಿದರೆ ಅರ್ಥ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಉಸಿರು ಸೇರುವುದು ಧ್ವನಿ ಕೂತ ಜಾಗದಿಂದ, ಅದಕ್ಕೆ ಬೇರೆ ಅರ್ಥ ಕೊಡುವ ಕೆಲಸವಿಲ್ಲ. ಹೀಗಾಗಿ ಪಟ್ಟಿಯಲ್ಲಿ ಸಾಲು ಒಂದೇ, ಮಾದರಿ ಪದ ಎರಡು: ಪಿನ್, ಸ್ಪಿನ್. ‘ಏನು ಬೇರೆ’ ಕಂಬದಲ್ಲಿ ಬರೆಯಬೇಕಾದ್ದು ಇದರ ಪರಿಣಾಮ: ಉಸಿರಿಲ್ಲದ ಕನ್ನಡದ ‘ಪ’ದಲ್ಲಿ ‘ಪಿನ್’ ಎಂದರೆ ಇಂಗ್ಲಿಷ್ ಕಿವಿಗೆ ಅದು ‘ಬಿನ್’ ಎಂದು ಕೇಳಿಸಬಹುದು. ಅವರ b ಪದದ ಮೊದಲಲ್ಲಿ ಕನ್ನಡದ ‘ಬ’ದಷ್ಟು ಕಂಪಿಸುವುದಿಲ್ಲ. p ಯಾವುದು b ಯಾವುದು ಎಂದು ಅವರು ತೀರ್ಮಾನಿಸುವುದು ಮುಖ್ಯವಾಗಿ ಉಸಿರನ್ನು ಕೇಳಿ.

ಎರಡನೆಯ ಸಾಲು t. ಇಲ್ಲಿ ಜಗಳ ಜಾಗದ್ದು. ಕನ್ನಡದ ‘ತ’ ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ಒತ್ತುತ್ತದೆ, ‘ಟ’ ಹೇಳುವಾಗ ಮೇಲಕ್ಕೆ ಮಡಿಸಿ ಅಂಗುಳಕ್ಕೆ ತಾಗುತ್ತದೆ. ಇಂಗ್ಲಿಷಿನ t ಎರಡರ ನಡುವೆ, ಹಲ್ಲಿನ ಹಿಂದಿನ ವಸಡಿನ ದಿಬ್ಬದ ಮೇಲೆ ಹುಟ್ಟುತ್ತದೆ. ನಡುವೆ ಇರುವುದು ಯಾವ ಪಕ್ಕಕ್ಕಾದರೂ ಸೇರಬಹುದಿತ್ತು. ಆದರೆ ಕನ್ನಡ ಸಾಮಾನ್ಯವಾಗಿ ‘ಟ’ದ ಕಡೆಗೇ ಹೋಗಿದೆ: ಟಿಕೆಟ್, ಟೇಬಲ್, ಡಾಕ್ಟರ್.

ಹಾಗಾಗಲು ಕಾರಣ ಪಟ್ಟಿಯ ಪಕ್ಕದ ಮನೆಯಲ್ಲೇ ಕಾಣುತ್ತದೆ. ಹಲ್ಲಿನ ಜಾಗವನ್ನು ಇಂಗ್ಲಿಷಿನಲ್ಲಿ ಬೇರೆ ಎರಡು ಧ್ವನಿಗಳು ಆಗಲೇ ಹಿಡಿದುಕೊಂಡಿವೆ. ‘ಥಿನ್’ ಎಂದು ಬರೆಯುವ ಪದದ ಮೊದಲ ಧ್ವನಿ θ, ‘ದೆನ್’ ಎಂದು ಬರೆಯುವುದರದು ð. ಕನ್ನಡಿಗರು ಅವನ್ನು ‘ತ’, ‘ದ’ಗಳಿಗೆ ಜೋಡಿಸಿಕೊಂಡರು. t, d ಗಳಿಗೆ ಉಳಿದದ್ದು ‘ಟ’, ‘ಡ’. ಸಾಲಿಗೆ ಸಾಲೇ ಒಂದು ಹೆಜ್ಜೆ ಹಿಂದೆ ಸರಿದಂತಾಯಿತು. ಇದರಿಂದ ಒಂದು ಲಾಭವೂ ಇದೆ. ತಗಡಿನ ಡಬ್ಬಿ ಎಂಬರ್ಥದ ‘ಟಿನ್’ಗೂ ತೆಳು ಎಂಬರ್ಥದ ‘ಥಿನ್’ಗೂ, ಗುಹೆ ಎಂಬರ್ಥದ ‘ಡೆನ್’ಗೂ ಆಗ ಎಂಬರ್ಥದ ‘ದೆನ್’ಗೂ ಕನ್ನಡಿಗರ ಬಾಯಲ್ಲಿ ವ್ಯತ್ಯಾಸ ಉಳಿದೇ ಇರುತ್ತದೆ. ಧ್ವನಿಯ ಬಣ್ಣ ಬದಲಾಗಿದೆ, ಅರ್ಥ ಕೆಟ್ಟಿಲ್ಲ.

ಬಣ್ಣ ಬದಲಾದದ್ದು ಎಲ್ಲಿ ಎನ್ನುವುದಕ್ಕೆ ಒಂದು ಸರಳ ಪರೀಕ್ಷೆ ಇದೆ. ‘ಸ್’ ಎಂದು ಉಸಿರು ಮುಗಿಯುವವರೆಗೂ ಎಳೆಯಬಹುದು. ‘ತ್’ ಅನ್ನು ಹಾಗೆ ಎಳೆಯಲು ಹೋದರೆ ಮೌನ ಮಾತ್ರ ಸಿಗುತ್ತದೆ, ಗಾಳಿ ಹಲ್ಲಿನ ಹಿಂದೆ ಕಟ್ಟಿಕೊಂಡಿರುತ್ತದೆ. θ ಎಳೆಯಬಹುದಾದ ಧ್ವನಿ. ಅಲ್ಲಿ ನಾಲಿಗೆ ಹಲ್ಲನ್ನು ಮುಚ್ಚದೆ ತುಸು ಸಂದು ಬಿಟ್ಟಿರುತ್ತದೆ. ಅಂದಹಾಗೆ ‘ಥಿನ್’ ಎಂದು ಮಹಾಪ್ರಾಣ ಹಾಕಿ ಬರೆಯುವ ರೂಢಿ ಕಿವಿಯಿಂದ ಬಂದದ್ದಲ್ಲ, ಕಾಗುಣಿತದಲ್ಲಿ ಕಾಣುವ ‘ಎಚ್’ ಅಕ್ಷರದಿಂದ ಬಂದದ್ದು. ಅದೇ ಕಾಗುಣಿತ ನಂಬಿ ‘ಥಾಮಸ್’ ಎಂಬ ಹೆಸರನ್ನು θ ಸಾಲಿಗೆ ಮಾದರಿಯಾಗಿ ಹಾಕಿದ ಪಟ್ಟಿಗಳೂ ಉಂಟು. ಆ ಹೆಸರಿನ ಮೊದಲಲ್ಲಿರುವುದು ಬರಿಯ t.

ಮೂರನೆಯದರಲ್ಲಿ ಎರಡು ಧ್ವನಿಗಳಿವೆ, v ಮತ್ತು w. ಇವೆರಡಕ್ಕೂ ನೆರೆ ಒಂದೇ, ‘ವ’. ಇಂಗ್ಲಿಷರು ಬನಿಯನ್‌ಗೆ ಹೇಳುವ ‘ವೆಸ್ಟ್’ ಮತ್ತು ಪಶ್ಚಿಮಕ್ಕೆ ಹೇಳುವ ‘ವೆಸ್ಟ್’ ಕನ್ನಡ ಬರಹದಲ್ಲಿ ಒಂದೇ ಪದ, ಹೆಚ್ಚಿನವರ ಮಾತಿನಲ್ಲೂ ಒಂದೇ. ಹಿಂದಿನ ಸಾಲಿನಲ್ಲಿ ಎರಡು ಮನೆಗಳು ಸರಿದರೂ ಎರಡಾಗಿಯೇ ಉಳಿದವು. ಇಲ್ಲಿ ಎರಡು ಮನೆ ಕುಸಿದು ಒಂದಾಗಿದೆ. ಪಟ್ಟಿಯಲ್ಲಿ ಕೆಂಪು ಶಾಯಿ ಬಳಸುವುದಿದ್ದರೆ ಅದು ಸಲ್ಲಬೇಕಾದ್ದು ಇಂಥ ಸಾಲಿಗೆ. ಮಾದರಿ ಪದದ ಪಕ್ಕ ಅರ್ಥ ಬರೆಯದಿದ್ದರೆ ಎರಡು ಸಾಲೂ ಒಂದೇ ಥರ ಕಾಣುತ್ತವೆ.

ವ್ಯತ್ಯಾಸ ತಿಳಿಯಲು ಕನ್ನಡಿ ಸಾಕು. v ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜುವ ಸದ್ದು ಬರುತ್ತದೆ. w ಹೇಳುವಾಗ ಹಲ್ಲಿಗೆ ಕೆಲಸವೇ ಇಲ್ಲ. ತುಟಿಗಳು ‘ಊ’ ಎನ್ನುವಂತೆ ದುಂಡಗಾಗಿ ತಟ್ಟನೆ ತೆರೆಯುತ್ತವೆ. ಕನ್ನಡದ ‘ವ’ದಲ್ಲಿ ಕೆಳತುಟಿ ಹಲ್ಲಿನ ಬಳಿಗೆ ಬರುತ್ತದೆ, ಆದರೆ ಉಜ್ಜುವುದಿಲ್ಲ. ಅದಕ್ಕೇ ಅದು v ಅಲ್ಲ, w ಕೂಡ ಅಲ್ಲ.

ಇಷ್ಟನ್ನು ಪಟ್ಟಿಗೆ ಇಳಿಸಿದರೆ ಹೀಗಾಗುತ್ತದೆ:

| ಸಂಕೇತ | ಮಾದರಿ ಪದ | ಕನ್ನಡದ ನೆರೆ | ಏನು ಬೇರೆ |
|---|---|---|---|
| p | ಪಿನ್. ಸ್ಪಿನ್ | ಪ (ಪದ) | ಪದದ ಮೊದಲಲ್ಲಿ ಉಸಿರಿನ ಹೊಡೆತ |
| t | ಟಿನ್ (ಡಬ್ಬಿ) | ಟ (ಟಗರು) | ನಾಲಿಗೆ ಮಡಿಸದೆ ವಸಡಿನ ದಿಬ್ಬಕ್ಕೆ |
| θ | ಥಿನ್ (ತೆಳು) | ತ (ತಲೆ) | ಗಾಳಿ ನಿಲ್ಲದು, ಎಳೆಯಬಹುದು |
| ð | ದೆನ್ (ಆಗ) | ದ (ದನ) | ಎಳೆಯಬಹುದು, ಕಂಪನವೂ ಇದೆ |
| v | ವೆಸ್ಟ್ (ಬನಿಯನ್) | ವ (ವರ) | ಹಲ್ಲು ತುಟಿಗೆ ತಾಗಿ ಉಜ್ಜುತ್ತದೆ |
| w | ವೆಸ್ಟ್ (ಪಶ್ಚಿಮ) | ವ (ವರ) | ತುಟಿ ದುಂಡಗೆ, ಹಲ್ಲು ದೂರ |

ಮಾದರಿಗೆ ಯಾವ ಪದ ಆರಿಸಬೇಕು ಎನ್ನುವುದರಲ್ಲೂ ಒಂದು ಲೆಕ್ಕವಿದೆ. ಒಂದೇ ಧ್ವನಿಯಲ್ಲಿ ಮಾತ್ರ ಬೇರೆಯಾಗುವ ಜೋಡಿ ಪದಗಳು ಬೇಕು. ಕನ್ನಡದ ಕಡೆಯಲ್ಲಿ ‘ಹಾಲು, ಹಾಳು’ ಅಥವಾ ‘ಕಪ್ಪು, ಕಬ್ಬು’ ಇದ್ದ ಹಾಗೆ. ಜೋಡಿಯ ವ್ಯತ್ಯಾಸ ಪದದ ಮೊದಲಲ್ಲಿದ್ದರೆ ಒಳ್ಳೆಯದು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ, ಬಸ್ ಬಸ್ಸಾಗಿ, ಕಾರ್ ಕಾರಾಗಿ, ಕೊನೆಗೊಂದು ‘ಉ’ ಸೇರಿಕೊಳ್ಳುತ್ತದೆ. ಪದದ ಕೊನೆಯ ಧ್ವನಿಯನ್ನು ಪರೀಕ್ಷಿಸಲು ಹೊರಟರೆ ಆ ‘ಉ’ ಅಡ್ಡ ಬರುತ್ತದೆ.

ಪಟ್ಟಿ ಸರಿಯಾಗಿದೆಯೇ ಎಂದು ನೋಡಲು ಆ ಪಾಠಕ್ಕೆ ಬಾರದ ಒಬ್ಬರ ಕೈಗೆ ಅದನ್ನು ಕೊಡಬೇಕು. ಅವರು ಅದನ್ನು ಓದಿ ಅಭ್ಯಾಸ ಮಾಡಿ, ಬನಿಯನ್ನಿನ ‘ವೆಸ್ಟ್’, ಪಶ್ಚಿಮದ ‘ವೆಸ್ಟ್’ ಎರಡನ್ನೂ ಹತ್ತತ್ತು ಸಲ, ಕ್ರಮ ಕಲಸಿ, ಹೇಳಲಿ. ಧ್ವನಿಗಳ ವ್ಯತ್ಯಾಸ ಬಲ್ಲ ಇನ್ನೊಬ್ಬರು ಮುಖ ನೋಡದೆ ಬರೆದುಕೊಳ್ಳಲಿ. ಬರಿಯ ಊಹೆಯಿಂದಲೇ ಇಪ್ಪತ್ತರಲ್ಲಿ ಹತ್ತು ಸರಿಯಾಗುತ್ತದೆ. ಹದಿನೆಂಟು ಬಂದರೆ ಸಾಲು ಕೆಲಸ ಮಾಡಿದೆ. ಹನ್ನೊಂದೋ ಹನ್ನೆರಡೋ ಬಂದರೆ ‘ಏನು ಬೇರೆ’ ಕಂಬವನ್ನು ತಿದ್ದಿ ಬರೆಯಬೇಕು.

ಇನ್ನು ಪಟ್ಟಿಯ ತಲೆಯ ಮೇಲೆ ಎರಡು ಮಾತು ಇರಬೇಕು. ಒಂದು, ಪಾಠದಲ್ಲಿ ಹೇಳಿದ್ದು ಯಾವ ಇಂಗ್ಲಿಷ್. ಭಾರತದ ಪಠ್ಯಗಳು ಹೆಚ್ಚಾಗಿ ಹಿಡಿಯುವುದು ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯನ್ನು, ಅದರಲ್ಲಿ ವ್ಯಂಜನಗಳು 24. ಅಮೆರಿಕದವರು ‘ವಾಟರ್’ ಎನ್ನುವಾಗ ನಡುವಿನ t ನಾಲಿಗೆಯ ಒಂದು ತಟ್ಟಾಗಿ, ಕನ್ನಡದ ಕಿವಿಗೆ ಬಹುಮಟ್ಟಿಗೆ ‘ರ’ದಂತೆ ಕೇಳಿಸುತ್ತದೆ, ಆ ಪಾಠಕ್ಕೆ ಮೇಲಿನ t ಸಾಲು ಸಾಲದು. ಇನ್ನೊಂದು, ಹೋಲಿಸಿದ್ದು ಯಾರ ಕನ್ನಡ ಎನ್ನುವುದು. ಮೈಸೂರು ಸೀಮೆಯ ಹಳ್ಳಿಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಅಲ್ಲಿಯವರಿಗೆ ಇಂಗ್ಲಿಷಿನ h ಸಾಲಿನ ಎದುರು ‘ಹ’ ಎಂದು ಬರೆದುಕೊಟ್ಟರೆ ನೆರೆಯ ಮನೆಯಲ್ಲಿ ಯಾರೂ ಇಲ್ಲ.